ಗಲ್ಲಾಪೆಟ್ಟಿಗೆಯ ಮೇಲಿನ ಕನ್ನಡ

ಡೊಂಬಿವಲಿ ಪೂರ್ವದ ಒಂದು ಕಿರಾಣಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, 2018ರ ಜೂನ್ ತಿಂಗಳಿನಿಂದ ಮಳೆಗಾಲ ಮುಗಿಯುವುದರೊಳಗೆ ಒಂದೇ ಸೂಚನೆ ಮೂರು ಬಗೆಯ ಕನ್ನಡದಲ್ಲಿ ಬಂದು ಹೋಯಿತು. ಅಂಗಡಿಯ ಯಜಮಾನರು ವಿಜಯಪುರ ಜಿಲ್ಲೆಯವರು. ಅನುವಾದ ಮಾಡಿಕೊಟ್ಟವರು ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದ, ಕನ್ನಡ ಮಾಧ್ಯಮದ ಶಾಲೆಯಿಂದ ನಿವೃತ್ತರಾದ ಉಡುಪಿಯ ಕಡೆಯ ಶಿಕ್ಷಕಿ. ಅದನ್ನು ಚಿತ್ರದೊಳಗೆ ಕೂಡಿಸಿದವನು ಯಜಮಾನರ ಮಗ. ಡೊಂಬಿವಲಿಯಲ್ಲೇ ಹುಟ್ಟಿದವನು, ಕನ್ನಡವನ್ನು ಚೆನ್ನಾಗಿ ಆಡುವವನು, ತಡವರಿಸಿ ಓದುವವನು. ಬರಹದ ಕನ್ನಡ ಮತ್ತು ಆಡುಮಾತಿನ ಕನ್ನಡಗಳ ನಡುವಿನ ಅಂತರವನ್ನು ಕುರಿತು ನಮ್ಮಲ್ಲಿ ಚರ್ಚೆಗೆ ಕೊರತೆಯಿಲ್ಲ. ಆದರೆ ಆ ಅಂತರ ಒಂದು ಹಾಳೆಯ ಮೇಲೆ, ನಾಲ್ಕು ಸಾಲುಗಳಲ್ಲಿ, ಗಿರಾಕಿಯ ಕಣ್ಣೆದುರು ಪರೀಕ್ಷೆಗೆ ಒಳಗಾಗುವುದನ್ನು ಕಾಣುವ ಸಂದರ್ಭ ವಿರಳ.

ಮಹಾರಾಷ್ಟ್ರ ಸರಕಾರ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿತು. ಕೈಯಲ್ಲಿದ್ದ ಸರಕನ್ನು ವಿಲೇವಾರಿ ಮಾಡಲು ಮೂರು ತಿಂಗಳ ಅವಧಿ ಕೊಟ್ಟು, ಜೂನ್ 23ರಿಂದ ದಂಡದ ಕ್ರಮ ಆರಂಭವಾಯಿತು. ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ಮತ್ತು ಮೂರು ತಿಂಗಳ ಸೆರೆವಾಸ. ನಿಷೇಧ ಮಾರುವವನಿಗೆ ಮಾತ್ರವಲ್ಲ, ಬಳಸುವವನಿಗೂ ಅನ್ವಯಿಸುತ್ತಿತ್ತು. ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯವರೆಗೆ ಸಣ್ಣ ಅಂಗಡಿಗಳವರ ಮೊಬೈಲುಗಳಲ್ಲಿ ಮರಾಠಿಯ ಸಿದ್ಧ ಸೂಚನಾಚಿತ್ರಗಳು ಹರಿದಾಡಿದವು. ಈ ಅಂಗಡಿಗೆ ಬಂದ ಚಿತ್ರದಲ್ಲಿ ಮೇಲೆ ಮರಾಠಿ ಅಕ್ಷರ, ನಡುವೆ ಬಟ್ಟೆಯ ಚೀಲದ ಚಿತ್ರ, ಕೆಳಗೆ ಅಂಗಡಿಯ ಹೆಸರಿಗೆಂದು ಬಿಟ್ಟ ಒಂದು ಹಳದಿ ಪಟ್ಟಿ ಇದ್ದವು. ಆ ಹಳದಿ ಪಟ್ಟಿಯಲ್ಲಿ ಕನ್ನಡವನ್ನು ಕೂಡಿಸಬೇಕೆಂಬುದು ಯಜಮಾನರ ಅಪೇಕ್ಷೆ.

“ಅಕ್ಕೋರೆ, ಇಷ್ಟು ಕನ್ನಡದಾಗ ಮಾಡಿ ಕೊಡ್ರಿ. ನಮ್ಮ ಮಂದಿಗೆ ಮರಾಠಿ ಓದಾಕ ಬರಂಗಿಲ್ಲ” ಎಂದು ಅವರು ಕೇಳಿದರು. ಮರಾಠಿಯಲ್ಲಿ ಇದ್ದದ್ದು ನಾಲ್ಕೇ ಮಾತು: ಪ್ಲಾಸ್ಟಿಕ್ ಪಿಶವೀ ಮಾಗೂ ನಯೇ, ಕಾಪಡೀ ಪಿಶವೀ ಸೋಬತ ಆಣಾವೀ, ನಿಯಮ ಮೋಡಲ್ಯಾಸ 5,000 ರೂಪಯೇ ದಂಡ, ಉಧಾರ ಬಂದ ಆಹೇ. ಕೊನೆಯದು ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದಲ್ಲ. ಹೇಗೂ ಒಂದು ಹಾಳೆ ಅಂಟಿಸುವುದಿದೆ, ಅದೂ ಇರಲಿ ಎಂದು ಯಾರೋ ಸೇರಿಸಿದ್ದರು.

ಶಿಕ್ಷಕಿ ಮೊದಲು ಬರೆದುಕೊಟ್ಟದ್ದು ಹೀಗಿತ್ತು: “ಪ್ಲಾಸ್ಟಿಕ್ ಚೀಲಗಳನ್ನು ಕೇಳಕೂಡದು. ಬಟ್ಟೆಯ ಚೀಲವನ್ನು ತಮ್ಮೊಡನೆ ತರತಕ್ಕದ್ದು. ನಿಯಮವನ್ನು ಉಲ್ಲಂಘಿಸಿದಲ್ಲಿ 5,000 ರೂಪಾಯಿ ದಂಡ ವಿಧಿಸಲಾಗುವುದು. ಸಾಲದ ವ್ಯವಹಾರವನ್ನು ಸ್ಥಗಿತಗೊಳಿಸಲಾಗಿದೆ.” ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಮರಾಠಿಯ ಪ್ರತಿಯೊಂದು ರೂಪಕ್ಕೂ ಕನ್ನಡದಲ್ಲಿ ಸಮಾನವಾದ ರೂಪವಿದೆ. ತೊಡಕು ಇದ್ದದ್ದೂ ಅಲ್ಲಿಯೇ. ಮರಾಠಿಯ ‘ಮಾಗೂ ನಯೇ’, ‘ಆಣಾವೀ’ ಎಂಬ ರೂಪಗಳು ಯಾರನ್ನೂ ನೇರವಾಗಿ ಸಂಬೋಧಿಸದೆ, ಮರ್ಯಾದೆಯ ದೂರವನ್ನು ಕಾಯ್ದುಕೊಂಡು ವಿನಂತಿಸುವ ರೂಪಗಳು. ಅಲ್ಲಿನ ಸಾರ್ವಜನಿಕ ಬರಹದಲ್ಲಿ ಅವು ದಿನನಿತ್ಯದವು. ಕನ್ನಡದ ‘ಕೂಡದು’, ‘ತಕ್ಕದ್ದು’ಗಳೂ ಯಾರನ್ನೂ ಸಂಬೋಧಿಸುವುದಿಲ್ಲ, ಆದರೆ ಅವು ಕಚೇರಿಯ ಆಜ್ಞೆಯ ವಾಸನೆಯನ್ನು ಹೊತ್ತು ಬರುತ್ತವೆ. ಎರಡು ಭಾಷೆಗಳ ರೂಪಗಳು ಒಂದಕ್ಕೊಂದು ಹೊಂದಿದವು, ಅವುಗಳ ಧ್ವನಿ ಹೊಂದಲಿಲ್ಲ.

ಮೂರನೆಯ ಸಾಲಿನ ಗತಿ ಇನ್ನೂ ವಿಚಿತ್ರವಾಯಿತು. ‘ದಂಡ ವಿಧಿಸಲಾಗುವುದು’ ಎಂಬ ಕರ್ಮಣಿ ಪ್ರಯೋಗದಲ್ಲಿ ವಿಧಿಸುವವರು ಯಾರೆಂಬುದು ಮರೆಯಾಗುತ್ತದೆ. ಸರಕಾರಿ ಕಾಗದ ಓದಿ ಅಭ್ಯಾಸವಿರುವವನು ಆ ಖಾಲಿ ಜಾಗದಲ್ಲಿ ಸರಕಾರವನ್ನು ತುಂಬಿಕೊಳ್ಳುತ್ತಾನೆ. ಕಟ್ಟಡ ಕೆಲಸಕ್ಕೆಂದು ಕಲಬುರಗಿಯ ಕಡೆಯಿಂದ ಬಂದ ಗಿರಾಕಿಯೊಬ್ಬ ಅಲ್ಲಿ ಅಂಗಡಿಯವರನ್ನೇ ತುಂಬಿಕೊಂಡ. ಅಂಗಡಿಯ ಗೋಡೆಯ ಮೇಲಿದ್ದ ಬರಹ ಅಂಗಡಿಯವರದಲ್ಲದೆ ಇನ್ನಾರದು? “ಚೀಲ ಕೇಳಿದ್ರ ಐದು ಸಾವಿರ ನೀ ಯಾರು ಹಾಕಾಂವ?” ಎಂದು ಜಗಳವಾಡಿ ಹೋದ. ಕನ್ನಡದ ಆಡುಮಾತು ಕರ್ಮಣಿ ಪ್ರಯೋಗವನ್ನು ಬಹುಮಟ್ಟಿಗೆ ದೂರವಿರಿಸಿದೆ ಎಂಬುದನ್ನು ವ್ಯಾಕರಣದ ಪುಸ್ತಕಗಳು ಹೇಳುತ್ತವೆ. ಅದನ್ನು ದೂರವಿರಿಸದಿದ್ದರೆ ಏನಾಗುತ್ತದೆಂಬುದನ್ನು ಈ ಗಿರಾಕಿ ತೋರಿಸಿದ.

ನಾಲ್ಕನೆಯ ಸಾಲು ಮಾಡಿದ ಕೇಡು ಸದ್ದಿಲ್ಲದ್ದು. ಆ ಅಂಗಡಿಯಲ್ಲಿ ಹಲವು ವರ್ಷಗಳಿಂದ ಉದ್ದರಿಯ ಲೆಕ್ಕವಿಟ್ಟುಕೊಂಡಿದ್ದ ಬಾಗಲಕೋಟೆಯ ಕಡೆಯ ವೃದ್ಧೆಯೊಬ್ಬರು, ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಆ ಸಾಲನ್ನು ಬೆರಳಿಟ್ಟು ನಿಧಾನವಾಗಿ ಓದಿಕೊಂಡರು. ಮಾರನೆಯ ದಿನ ತಮ್ಮ ಬಾಕಿಯನ್ನೆಲ್ಲ ತಂದು ತೀರಿಸಿದರು. ಆಮೇಲೆ ಅಂಗಡಿಗೆ ಬರಲಿಲ್ಲ. ಯಜಮಾನರು ಅವರಿಗೆ ಉದ್ದರಿ ನಿಲ್ಲಿಸುವ ಮಾತನ್ನು ಎಂದೂ ಆಡಿರಲಿಲ್ಲ, ಯೋಚಿಸಿಯೂ ಇರಲಿಲ್ಲ. ಗೋಡೆಯ ಮೇಲಿನ ಆ ಮಾತು ಹೊಸಬರಿಗೆ, ಗುರುತಿಲ್ಲದವರಿಗೆ ಅಡ್ಡವಾಗಿ ಹಿಡಿದ ಗುರಾಣಿ ಮಾತ್ರ ಎಂಬುದು ಅಂಗಡಿಗಳ ಜಗತ್ತಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಆದರೆ ‘ಸ್ಥಗಿತಗೊಳಿಸಲಾಗಿದೆ’ ಎಂಬುದು ಗುರಾಣಿಯಂತೆ ಕೇಳಿಸಲಿಲ್ಲ, ತೀರ್ಪಿನಂತೆ ಕೇಳಿಸಿತು. (‘ಸಾಲದ ವ್ಯವಹಾರ’ ಎಂಬುದನ್ನು ‘ಸಾಕಾಗದ ವ್ಯವಹಾರ’ವೆಂದೂ ಓದಬಹುದೆಂದು ಶಿಕ್ಷಕಿ ಆಮೇಲೆ ತಾವೇ ನಕ್ಕರಂತೆ. ಆ ಓದು ಯಾರಿಗೂ ಹೊಳೆದಿರಲಿಲ್ಲವೆಂಬುದು ಬೇರೆ ಮಾತು.)

ಈ ಹಂತದಲ್ಲಿ ಮಗ ಮುಂದೆ ಬಂದ. ಪುಸ್ತಕದ ಭಾಷೆ ಬೇಡ, ನಾವು ಆಡಿದ ಹಾಗೆಯೇ ಬರೆಯೋಣವೆಂದು ತಂದೆಯ ಮಾತನ್ನು ಇದ್ದಕ್ಕಿದ್ದಂತೆ ಅಕ್ಷರಕ್ಕಿಳಿಸಿದ: “ಪ್ಲಾಸ್ಟಿಕ್ ಪಿಶವಿ ಕೇಳಬ್ಯಾಡ್ರಿ. ಅರಿವಿ ಪಿಶವಿ ತಗೊಂಡ್ ಬರ್ರಿ. ಸರ್ಕಾರದವ್ರು ಐದ್ಸಾವ್ರ ದಂಡ ಹಾಕ್ತಾರ. ಉದ್ರಿ ಬಂದ್.” ದಂಡ ಹಾಕುವವರು ಯಾರೆಂಬುದು ಸ್ಪಷ್ಟವಾಯಿತು. ಇದು ಸಣ್ಣ ಲಾಭವಲ್ಲ. ಆದರೆ ಉಳಿದ ಲೆಕ್ಕ ತಲೆಕೆಳಗಾಯಿತು.

ಆಡುಮಾತೆಂದರೆ ಯಾರ ಆಡುಮಾತು ಎಂಬ ಪ್ರಶ್ನೆ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕುಳಿತವರಿಗೆ ಅಷ್ಟಾಗಿ ಕಾಡುವುದಿಲ್ಲ. ಡೊಂಬಿವಲಿಯ ಒಂದು ಗಲ್ಲಿಯಲ್ಲಿ ಅದು ದಿನಕ್ಕೆ ಹತ್ತು ಸಲ ಎದುರಾಗುತ್ತದೆ. ಪ್ಲಾಸ್ಟಿಕ್ ಚೀಲವನ್ನೇ ತೆಗೆದುಕೊಳ್ಳಬಹುದು. ಬೆಳಗಾವಿ, ಧಾರವಾಡದ ಕಡೆಯವರಿಗೆ ಅದು ‘ಪಿಶವಿ’, ಮಂಗಳೂರು, ಉಡುಪಿಯವರಿಗೆ ‘ತೊಟ್ಟೆ’, ಬೆಂಗಳೂರಿನಿಂದ ಬಂದವರಿಗೆ ‘ಕವರ್’, ಮುಂಬಯಿಯಲ್ಲಿ ಬೆಳೆದವರಿಗೆ ‘ಕ್ಯಾರಿಬ್ಯಾಗ್’. ಬಟ್ಟೆಗೆ ‘ಅರಿವಿ’ ಎಂಬ ಮಾತನ್ನು ಕಂಡು, ಅದು ‘ಅರಿವು’ ಎಂಬುದರ ತಪ್ಪು ಅಚ್ಚೆಂದು ಕರಾವಳಿಯ ಗೃಹಿಣಿಯೊಬ್ಬರು ತಿದ್ದಲು ಹೊರಟರು. ‘ಹಾಕ್ತಾರ’ ಎಂಬಲ್ಲಿ ಒಂದು ಎತ್ವ ಬಿಟ್ಟುಹೋಗಿದೆಯೆಂದು ಮತ್ತೊಬ್ಬರು ತೋರಿಸಿದರು. ಇಲ್ಲಿ ಒಂದು ಸಂಗತಿ ಗಮನಾರ್ಹ. ತುಳು ಮಾತೃಭಾಷೆಯ ಕರಾವಳಿಯವರಿಗೆ ಕನ್ನಡವು ಮೊದಲಿಗೆ ಶಾಲೆಯ, ಪತ್ರಿಕೆಯ, ಯಕ್ಷಗಾನದ ಭಾಷೆ. ಅವರು ಆಡುವ ಕನ್ನಡವೇ ಬರಹಕ್ಕೆ ಹತ್ತಿರವಾದದ್ದು. ಹೋಟೆಲು ನಡೆಸುವ ಈ ಸಮುದಾಯಕ್ಕೆ ಉತ್ತರ ಕರ್ನಾಟಕದ ಆಡುಮಾತನ್ನು ಅಕ್ಷರದಲ್ಲಿ ಕೊಟ್ಟರೆ, ಅದು ಪುಸ್ತಕದ ಕನ್ನಡಕ್ಕಿಂತ ದೂರವಾಗುತ್ತದೆ.

ಹಾಗಾದರೆ ಉತ್ತರ ಕರ್ನಾಟಕದವರಿಗಾದರೂ ಅದು ಹಿಡಿಸಿತೆ? ವಿಜಯಪುರದ ಕಡೆಯವರೇ ಆದ ಒಬ್ಬ ಹಿರಿಯರು ಅದನ್ನು ಓದಿ ಮುಖ ಗಂಟಿಕ್ಕಿ, “ಗ್ವಾಡಿ ಮ್ಯಾಲ ಹಿಂಗ ಬರೀತಾರೇನು? ನಮ್ಮನ್ನ ಅಣಕಿಸಿದಂಗ ಆತಲ್ಲ” ಎಂದರು. ಮನೆಯಲ್ಲಿ ಬನಿಯನ್ನಿನಲ್ಲಿ ಇರುವವನು ಬೀದಿಗೆ ಬರುವಾಗ ಅಂಗಿ ತೊಡುತ್ತಾನೆ. ಬರಹವೂ ಅಂಗಿ ತೊಟ್ಟು ಬರಬೇಕೆಂದು ಓದು ಕಡಿಮೆಯಿರುವವರೇ ಹೆಚ್ಚು ಅಪೇಕ್ಷಿಸುತ್ತಾರೆ. ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಡೈಗ್ಲಾಸಿಯಾ ಎಂಬ ಪರಿಕಲ್ಪನೆಯನ್ನು ವಿವರಿಸುವಾಗ ಈ ಮನೋಭಾವವನ್ನೂ ಗುರುತಿಸಿದ್ದಾರೆ. ಅದಕ್ಕೂ ಒಂದು ವರ್ಷ ಮೊದಲು, ಇಲ್ಲಿಗೆ ಸಮೀಪದ ಪುಣೆಯ ಡೆಕ್ಕನ್ ಕಾಲೇಜಿನಿಂದಲೇ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವ್ಯಾಕರಣ ಪ್ರಕಟವಾಗಿತ್ತು. ಆಡುಮಾತಿಗೆ ತನ್ನದೇ ವ್ಯಾಕರಣವುಂಟೆಂದು ವಿದ್ವಾಂಸರು ಒಪ್ಪಿ ಅರವತ್ತು ವರ್ಷಗಳಾದರೂ, ಅದಕ್ಕೆ ಗೋಡೆಯ ಮೇಲೆ ಸ್ಥಾನವುಂಟೆಂದು ಆಡುವವರೇ ಒಪ್ಪಿಲ್ಲ.

ಈ ಎರಡು ಕಾರಣಗಳಿಗಿಂತಲೂ ಮುಖ್ಯವಾದ ಮೂರನೆಯದೊಂದಿತ್ತು. ಅದನ್ನು ಕಂಡುಕೊಂಡವರು ಶಿಕ್ಷಕಿ, ಕಂಡುಕೊಂಡದ್ದು ಹಾಲು ಹಾಕುವ ಹುಡುಗನಿಂದ. ಯಾದಗಿರಿಯ ಕಡೆಯ ಆ ಹುಡುಗ ಶಾಲೆಯನ್ನು ಬೇಗ ಬಿಟ್ಟವನು. ಅವನ ಕೈಗೆ ಎರಡೂ ಹಾಳೆಗಳನ್ನು ಕೊಟ್ಟು, ಗಟ್ಟಿಯಾಗಿ ಓದೆಂದು ಹೇಳಿ, ಅವನ ಬೆರಳು ಎಲ್ಲಿ ನಿಲ್ಲುತ್ತದೆಂದು ಅವರು ನೋಡುತ್ತ ಕುಳಿತರು. ಮೊದಲನೆಯದರಲ್ಲಿ ‘ಉಲ್ಲಂಘಿಸಿದಲ್ಲಿ’ ಎಂಬಲ್ಲಿ ಬೆರಳು ನಿಂತಿತು, ‘ಸ್ಥಗಿತ’ದಲ್ಲಿ ನಿಂತಿತು. ಇದು ನಿರೀಕ್ಷಿತವೇ. ಎರಡನೆಯದರಲ್ಲಿ, ಅವನದೇ ಮಾತಿಗೆ ಹತ್ತಿರವಾದ ಬರಹದಲ್ಲಿ, ಬೆರಳು ಇನ್ನೂ ಹೆಚ್ಚು ಕಡೆ ನಿಂತಿತು: ‘ಬ್ಯಾಡ್ರಿ’ಯಲ್ಲಿ, ‘ಬರ್ರಿ’ಯಲ್ಲಿ, ‘ಐದ್ಸಾವ್ರ’ದಲ್ಲಿ. ಮೊದಲನೆಯ ಹಾಳೆಯ ‘ಕೇಳಕೂಡದು’ ಎಂಬುದನ್ನು ಮಾತ್ರ ಅವನು ತಡೆಯಿಲ್ಲದೆ ಓದಿದ. ಓದುವಾಗ ಬಾಯಲ್ಲಿ ಬಂದದ್ದು ‘ಕೇಳ್ಕೂಡ್ದು’.

ಕಾರಣ ನಮ್ಮ ಲಿಪಿಯ ಸ್ವಭಾವದಲ್ಲಿದೆ. ಕನ್ನಡದ ಆಡುಮಾತು ಪದದ ನಡುವಣ ಮತ್ತು ಕೊನೆಯ ಹ್ರಸ್ವ ಸ್ವರಗಳನ್ನು ನುಂಗಿಕೊಂಡು ಸಾಗುತ್ತದೆ. ‘ಕೊಡಿರಿ’ ಎಂಬುದು ‘ಕೊಡ್ರಿ’ ಆಗುತ್ತದೆ, ‘ತರಬೇಕು’ ಎಂಬುದು ‘ತರ್ಬೇಕು’ ಆಗುತ್ತದೆ. ಬಾಯಿಗೆ ಇದು ಹಗುರ. ಆದರೆ ನುಂಗಿದ ಸ್ವರವನ್ನು ಬರಹದಲ್ಲಿ ತೋರಿಸಲು ಹೊರಟರೆ ಒತ್ತಕ್ಷರ ಹುಟ್ಟುತ್ತದೆ, ಇಲ್ಲವೆ ಅರ್ಕಾವೊತ್ತು ಬರುತ್ತದೆ. ಅಕ್ಷರ ಕೂಡಿಸಿ ಓದುವವನಿಗೆ ತೊಡಕಾಗುವುದು ಇವೇ. ಮರಾಠಿಗೆ ಈ ಕಷ್ಟ ಇಷ್ಟಿಲ್ಲ. ಅಲ್ಲಿ ‘ಕೇಲೇ’ ಎಂಬ ಬರಹದ ರೂಪವನ್ನು ಆಡುಮಾತಿಗೆ ತಿರುಗಿಸಲು ಕೊನೆಯ ಏಕಾರದ ಬದಲು ಅಕ್ಷರದ ತಲೆಯ ಮೇಲೊಂದು ಅನುಸ್ವಾರದ ಚುಕ್ಕೆಯಿಟ್ಟರೆ ಸಾಕು. ಜಾಹೀರಾತುಗಳೂ ಕತೆಗಳೂ ಸಲೀಸಾಗಿ ಹಾಗೆ ಬರೆಯುತ್ತವೆ. ಕನ್ನಡದಲ್ಲಿ ಆಡುಮಾತು ಕಿವಿಗೆ ಸುಲಭವಾದಷ್ಟೂ ಕಣ್ಣಿಗೆ ಕಠಿಣವಾಗುತ್ತದೆ. ಪೂರ್ತಿ ಸ್ವರವಿಟ್ಟು ಬರೆದರೆ ಓದುಗನ ಬಾಯಿ ತಾನಾಗಿಯೇ ಅದನ್ನು ತನ್ನ ಊರಿನ ಮಾತಾಗಿ ಮಡಿಸಿಕೊಳ್ಳುತ್ತದೆ. ಮಡಿಸಿ ಕೊಟ್ಟರೆ ಅವನು ಮೊದಲು ಬಿಡಿಸಬೇಕು.

ಸೂಚನೆಯು ಚಿತ್ರದೊಳಗೆ ಕೂರುವುದರಿಂದ ಈ ಕಷ್ಟ ಇಮ್ಮಡಿಸುತ್ತದೆ. ಶಿಕ್ಷಕಿ ಮನೆಯ ಗಣಕಯಂತ್ರದಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿ ಕಳಿಸಿದ್ದು, ಮಗನ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಂಡಿತ್ತು. ಯುನಿಕೋಡ್ ಬರುವುದಕ್ಕೆ ಹಿಂದಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿದ್ದವು. ಆ ಫಾಂಟಿಲ್ಲದ ಕಡೆ ಮುಖವಾಡ ಕಳಚಿಬೀಳುತ್ತದೆ. ಆಮೇಲೆ ಹುಡುಗ ಮೊಬೈಲಿನಲ್ಲೇ ಯುನಿಕೋಡಿನಲ್ಲಿ ಬೆರಳಚ್ಚಿಸಿದ. ಅವನು ಬಳಸಿದ ಚಿತ್ರ ತಿದ್ದುವ ತಂತ್ರಾಂಶಕ್ಕೆ ಒತ್ತಕ್ಷರ ಕೂಡಿಸುವ ಜ್ಞಾನವಿರಲಿಲ್ಲ. ‘ಪ್ಲಾಸ್ಟಿಕ್’ ಎಂಬಲ್ಲಿ ಪಕಾರದ ಪಕ್ಕ ಲಕಾರ ಬೇರೆಯಾಗಿ ನಿಂತು, ನಡುವೆ ಅರ್ಧಾಕ್ಷರದ ಕೊಕ್ಕೆ ಎದ್ದು ಕಾಣುತ್ತಿತ್ತು. ಈ ದೋಷವನ್ನು ಪತ್ತೆಹಚ್ಚಲು ಆ ಒಂದು ಪದವೇ ಸಾಕು: ‘ಪ್ಲಾ’ ಮತ್ತು ‘ಸ್ಟಿ’ಗಳಲ್ಲಿ ಎರಡನೆಯ ವ್ಯಂಜನ ಕೆಳಗಿಳಿದಿದ್ದರೆ ತಂತ್ರಾಂಶ ಸರಿ, ಪಕ್ಕದಲ್ಲಿ ನಿಂತಿದ್ದರೆ ಬೇರೆಯದನ್ನು ಹುಡುಕಬೇಕು. ತಂತ್ರಾಂಶ ಸರಿಯಾದ ಮೇಲೂ ಮಗನ ಸೂಚನೆಯಲ್ಲಿ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಗುಲಿದವು. ಹಳದಿ ಪಟ್ಟಿಯ ಕೆಳ ಅಂಚಿನಲ್ಲಿದ್ದ ‘ಉದ್ರಿ’ಯ ರವೊತ್ತು ಕತ್ತರಿಸಿ ಹೋಗಿ ಅದು ‘ಉದಿ’ಯಂತೆ ಕಂಡಿತು. ಶಿಕ್ಷಕಿಯ ಮೊದಲ ಪಾಠಕ್ಕೂ ಬೇರೆ ರೀತಿಯ ದಂಡ ಬಿದ್ದಿತ್ತು. ‘ಸ್ಥಗಿತಗೊಳಿಸಲಾಗಿದೆ’ಯಂಥ ಉದ್ದ ಪದ ಸಾಲಿನ ಕೊನೆಯಲ್ಲಿ ಮುರಿಯುವುದಿಲ್ಲವಾದ್ದರಿಂದ, ಅದು ಹಿಡಿಸುವಷ್ಟು ಎಲ್ಲ ಅಕ್ಷರಗಳನ್ನೂ ಕಿರಿದುಗೊಳಿಸಬೇಕಾಯಿತು. ಎ4 ಹಾಳೆಯಲ್ಲಿ ಅಚ್ಚಾಗಿ, ಗಲ್ಲಾಪೆಟ್ಟಿಗೆಯಾಚೆ ನಾಲ್ಕೈದು ಅಡಿ ದೂರದಲ್ಲಿ ನಿಂತವರಿಗೆ ಅದು ಇರುವೆಗಳ ಸಾಲಾಯಿತು.

ಮೂರನೆಯ ಪಾಠ ಈ ಎಲ್ಲ ಪೆಟ್ಟುಗಳ ಫಲ. ಶಿಕ್ಷಕಿಯೂ ಯಜಮಾನರೂ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಪದವನ್ನು ಆರಿಸಿದರು. ‘ಕೇಳಬೇಡಿ’, ‘ಕೇಳಬ್ಯಾಡ್ರಿ’ಗಳ ನಡುವೆ ಒಮ್ಮತವಾಗದಿದ್ದಾಗ ಶಿಕ್ಷಕಿ, “ಅಲ್ಲ ಮಾರಾಯ್ರೆ, ಅವರು ಕೇಳಿದ್ರೂ ನೀವು ಕೊಡುವುದುಂಟಾ? ಕೊಡುವುದಿಲ್ಲ ಅಂತಲೇ ಬರೆದರಾಯ್ತು” ಎಂದರು. ನಿರ್ಧಾರಕ್ಕೆ ತಿರುವು ಸಿಕ್ಕಿದ್ದು ಇಲ್ಲಿ. ‘ಕೊಡುವುದಿಲ್ಲ’ ಎಂಬುದನ್ನು ಯಜಮಾನರು ‘ಕೊಡೂದಿಲ್ಲ’ ಎಂದು ಓದಿದರು, ಶಿಕ್ಷಕಿ ‘ಕೊಡುದಿಲ್ಲ’ ಎಂದು ಓದಿದರು, ಬೆಂಗಳೂರಿನವರು ‘ಕೊಡೋದಿಲ್ಲ’ ಎನ್ನುತ್ತಾರೆ. ಬರಹದ ರೂಪ ಮೂವರಿಗೂ ನಡುವಿನ ಕಂಬದಂತಿದೆ. ಯಾರ ಮನೆಯದೂ ಅಲ್ಲ, ಎಲ್ಲರ ಹಗ್ಗವನ್ನೂ ಅದಕ್ಕೆ ಕಟ್ಟಬಹುದು. ‘ತನ್ನಿ’ ಎಂದರೆ ಉತ್ತರದವರಿಗೆ ಪರಕೀಯ, ‘ತರ್ರಿ’ ಎಂದರೆ ದಕ್ಷಿಣದವರಿಗೆ ಪರಕೀಯ. ‘ತರಬೇಕು’ ಎಂಬುದರಲ್ಲಿ ನೀನು, ನೀವು ಎಂಬ ಭೇದವೇ ಇಲ್ಲ. ಮರಾಠಿಯ ‘ಆಣಾವೀ’ ಸಾಧಿಸುವ ಮರ್ಯಾದೆಯ ದೂರವನ್ನು ಕನ್ನಡದಲ್ಲಿ ಸಾಧಿಸುವುದು ‘ತಕ್ಕದ್ದು’ ಅಲ್ಲ, ಈ ‘ಬೇಕು’. ‘ಚೀಲವನ್ನು’ ಎಂಬಲ್ಲಿ ದ್ವಿತೀಯಾ ವಿಭಕ್ತಿಯನ್ನು ಕೈಬಿಟ್ಟು ‘ಚೀಲ’ ಎಂದಷ್ಟೇ ಇಟ್ಟರು. ಆಡುವಾಗ ಯಾರೂ ಅಲ್ಲಿ ವಿಭಕ್ತಿ ಹಚ್ಚುವುದಿಲ್ಲ, ಬರಹದಲ್ಲಿ ಬಿಟ್ಟರೂ ತಪ್ಪಾಗುವುದಿಲ್ಲ. ಕೊನೆಗೆ ಅಚ್ಚಾದದ್ದು: “ಪ್ಲಾಸ್ಟಿಕ್ ಚೀಲ ಕೊಡುವುದಿಲ್ಲ. ಮನೆಯಿಂದ ಬಟ್ಟೆ ಚೀಲ ತರಬೇಕು. ಪ್ಲಾಸ್ಟಿಕ್ ಕಂಡರೆ ಪಾಲಿಕೆಯವರು ನಮಗೂ ನಿಮಗೂ 5,000 ರೂ. ದಂಡ ಹಾಕುತ್ತಾರೆ.” ‘ನಮಗೂ ನಿಮಗೂ’ ಎಂಬುದು ಮರಾಠಿ ಮೂಲದಲ್ಲಿರಲಿಲ್ಲ. ಅದು ಯಜಮಾನರ ಸೇರ್ಪಡೆ. ಕಾನೂನಿನ ದೃಷ್ಟಿಯಿಂದ ಅದು ನಿಜವೂ ಆಗಿತ್ತು, ಜಗಳವಾಡಿದ ಗಿರಾಕಿಗೆ ಉತ್ತರವೂ ಆಗಿತ್ತು.

ಇದನ್ನು ಕೇವಲ ಬರಹದ ಕನ್ನಡವೆನ್ನಲಾಗದು, ಆಡುಮಾತೆಂದೂ ಅನ್ನಲಾಗದು. ಕಾಗುಣಿತ ಪುಸ್ತಕದ್ದು, ಪದಗಳೂ ವಾಕ್ಯದ ನಡಿಗೆಯೂ ಬಾಯಿಯವು. ಎರಡು ಕನ್ನಡಗಳು ಇನ್ನೂ ಬೇರೆಯಾಗದೆ ಉಳಿದಿರುವ ರೂಪಗಳನ್ನು ಹುಡುಕಿ ಅವುಗಳಲ್ಲಿಯೇ ಮಾತನ್ನು ಮುಗಿಸುವುದು ಇಲ್ಲಿ ನಡೆದ ಕೆಲಸ. ಡಿ. ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ 2005ರ ಪುಸ್ತಕದಲ್ಲಿ ಕಾಗುಣಿತವನ್ನು ಉಚ್ಚಾರಣೆಗೆ ಹತ್ತಿರ ತರಬೇಕೆಂದು ವಾದಿಸಿದರು. ಮಹಾಪ್ರಾಣಗಳ ವಿಷಯದಲ್ಲಿ ಅವರ ಮಾತನ್ನು ಹಾಲಿನ ಹುಡುಗನ ಬೆರಳು ಸಮರ್ಥಿಸಿತೆನ್ನಬಹುದು. ‘ಘಿ’ಯಲ್ಲಿ, ‘ಸ್ಥ’ದಲ್ಲಿ ಅದು ನಿಂತದ್ದುಂಟು. ಆದರೆ ನುಂಗಿದ ಸ್ವರಗಳ ವಿಷಯದಲ್ಲಿ ಹಳೆಯ ಕಾಗುಣಿತವೇ ಬಡ ಓದುಗನ ಪಕ್ಷದಲ್ಲಿತ್ತು. ಇದಕ್ಕೂ ಮಿತಿಯಿಲ್ಲದಿಲ್ಲ. ಗಿರಾಕಿಗಳೆಲ್ಲ ಒಂದೇ ತಾಲೂಕಿನವರಾಗಿರುವ, ಕಲ್ಯಾಣದ ಹೊರವಲಯದ ಕೂಲಿಕಾರರ ವಸತಿಯ ಅಂಗಡಿಯಾದರೆ ‘ಅರಿವೆ ಪಿಶವಿ ತರಬೇಕು’ ಎಂದು ಊರ ಪದಗಳನ್ನೇ ಇಡುವುದು ಲೇಸು. ಆಗಲೂ ಸ್ವರಗಳನ್ನು ಮಾತ್ರ ನುಂಗಬಾರದು. ನವಿ ಮುಂಬಯಿಯ ಹೋಟೆಲಿನ ಗಲ್ಲೆಯಲ್ಲಿ ಓದುವವರೆಲ್ಲ ಕರಾವಳಿಯವರಾದರೆ ‘ತನ್ನಿ’ ಎನ್ನಲು ಅಡ್ಡಿಯಿಲ್ಲ. ಠಾಣೆಯ ಗೃಹಸಂಕುಲಗಳಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಅಲ್ಲಿ ಇಂಗ್ಲಿಷ್ ಅದನ್ನು ಮುಗಿಸಿಬಿಟ್ಟಿದೆ. ಇನ್ನು ಅಂಗಡಿಯ ಹೆಸರಿನ ಫಲಕದ ಮಾತು ಬೇರೆ. ಅದರಲ್ಲಿ ದೇವನಾಗರಿಯ ಮರಾಠಿ ಅಕ್ಷರ ಇತರ ಲಿಪಿಗಳಿಗಿಂತ ಚಿಕ್ಕದಾಗಿರಬಾರದೆಂಬ ನಿಯಮವನ್ನು 2022ರ ತಿದ್ದುಪಡಿ ಸಣ್ಣ ಅಂಗಡಿಗಳಿಗೂ ವಿಸ್ತರಿಸಿತು. ಒಳಗಿನ ಗೋಡೆಯ ಸೂಚನೆ ಫಲಕವಲ್ಲವಾದರೂ, ಯಜಮಾನರು ಮೊದಲಿನಿಂದಲೂ ಮರಾಠಿಯನ್ನು ಮೇಲೆ, ದೊಡ್ಡದಾಗಿಯೇ ಇಟ್ಟಿದ್ದರು.

ಉಳಿದದ್ದು ಉದ್ದರಿಯ ಸಾಲು. ಯಜಮಾನರು ಆ ವೃದ್ಧೆಯ ಮನೆಗೆ ಒಂದು ಸಂಜೆ ತಾವೇ ಹೋಗಿದ್ದರು. “ಆಯಿ, ಅದು ನಿಮಗ ಬರದದ್ದಲ್ರಿ” ಎಂದು ಎಷ್ಟು ಹೇಳಿದರೂ ಅವರು, “ತಮ್ಮಾ, ಗ್ವಾಡಿ ಮ್ಯಾಲ ಬರದಿ ಅಂದಮ್ಯಾಲ ಖರೇನ ಇರಬೇಕಲ್ಲ” ಎಂದರಂತೆ. ಆ ಮಾತನ್ನು ಕೇಳಿದ ಶಿಕ್ಷಕಿ ಮೂರನೆಯ ಪಾಠದಿಂದ ಸಾಲದ ಸಾಲನ್ನು ಪೂರ್ತಿ ತೆಗೆದುಹಾಕೋಣ ಎಂದರು. ಯಜಮಾನರಿಗೆ ಗುರಾಣಿ ಬಿಡಲು ಮನಸ್ಸಿಲ್ಲ. ಗೋಡೆಯ ಮೇಲೆ ಬರೆದರೂ ಯಾರೂ ನಿಜವೆಂದು ನಂಬದ ಕನ್ನಡ ಬೇಕಾಗಿತ್ತು. ಅಂಥದೊಂದು ನಮ್ಮಲ್ಲಿ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲುಗಳ ಮೇಲೆ ದೆವ್ವವನ್ನು ಹಿಂದಿರುಗಿಸಲು ಜನ ‘ನಾಳೆ ಬಾ’ ಎಂದು ಬರೆದರು. ಯಾರೂ ‘ನಾಳೆ ಬರತಕ್ಕದ್ದು’ ಎಂದು ಬರೆಯಲಿಲ್ಲ, ದೆವ್ವಕ್ಕೂ ಆಡುಮಾತೇ ತಾಗಬೇಕಿತ್ತು. ಅಂಗಡಿಗಳಲ್ಲಿ ಅದರ ಒಡಹುಟ್ಟು ಅದಕ್ಕಿಂತ ಹಳೆಯದು. ಹಿಂದಿಯಲ್ಲೂ ಮರಾಠಿಯಲ್ಲೂ ಅದರ ರೂಪಗಳುಂಟು.

ಹಳದಿ ಪಟ್ಟಿಯ ಕೊನೆಯಲ್ಲಿ, ಒತ್ತು ಕತ್ತರಿಸದಂತೆ ಅಂಚಿನಿಂದ ಒಂದು ಬೆರಳು ಮೇಲಕ್ಕೆ, “ಇಂದು ನಗದು, ನಾಳೆ ಉದ್ದರಿ” ಎಂದು ಸೇರಿಸಲಾಯಿತು. ಗಣೇಶ ಚವತಿಯ ಹಿಂದಿನ ದಿನ ಆ ವೃದ್ಧೆ ಬೆಲ್ಲ ಕೊಳ್ಳಲು ಬಂದರು, ಕೈಯಲ್ಲಿ ಹಳೆಯ ಸೀರೆಯಿಂದ ಹೊಲಿದ ಚೀಲ. ಹೊಸ ಹಾಳೆಯನ್ನು ಬೆರಳಿಟ್ಟು ಓದಿ ಮುಗಿಸಿ, “ನಾಳೆ ಅಂದ್ರ ಯಾವಾಗೋ ತಮ್ಮಾ?” ಎಂದು ನಕ್ಕರು. ಯಜಮಾನರು ಉತ್ತರ ಕೊಡದೆ ಲೆಕ್ಕದ ಪುಸ್ತಕ ತೆಗೆದು, ಅವರ ಹೆಸರಿನ ಪುಟದಲ್ಲಿ ಒಂದು ಕಿಲೋ ಬೆಲ್ಲ ಬರೆದುಕೊಂಡರು.